ಅರ್ಧ ಹಾಳಿ ಖಾಲಿ ಬಿಡ್ರಿ

ನಮ್ಮ ಚಿಗವ್ವ ಭೀಮಕ್ಕನ ಬಗ್ಗೆ ಕೊಪ್ಪಳದಲ್ಲಿ ಹಳಬರನ್ನು ಯಾರನ್ನು ಕೇಳಿದರೂ ಮೊದಲು ನಗುತ್ತಾರೆ, ಆಮೇಲೆ ಗೌರವದಿಂದ ಮಾತಾಡುತ್ತಾರೆ. ನನಗೆ ಈ ಕ್ರಮವೇ ಸರಿ ಅನಿಸುತ್ತದೆ. ಮೊದಲೇ ಗೌರವ ಕೊಟ್ಟು ಕೈಮುಗಿದು ಕೂತರೆ ಆಮೇಲೆ ನಗುವುದಕ್ಕೆ ಎಲ್ಲಿ ಆಗುತ್ತದೆ.

ಆಕೆ ನನ್ನ ಅವ್ವನ ತಂಗಿ. ಗದಗಿನ ಪಾದ್ರಿಗಳ ಸಾಲಿಯಲ್ಲಿ ಇಂಗ್ಲಿಷ್ ಕಲಿತಿದ್ದಳು. ಯಲಬುರ್ಗಾ ಕಡೆಯ ಹಳ್ಳಿಗೆ ಮದುವೆ ಮಾಡಿಕೊಟ್ಟರು, ಬೇಗನೇ ಗಂಡ ತೀರಿಹೋದ. ಅತ್ತೆಮನೆಯವರು ಕೆಟ್ಟವರೇನಲ್ಲ. ಅವರಿಗೆ ಬೇಕಾದದ್ದು ಎರಡು ಕೈ, ಆ ಕೈಗೆ ಇಂಗ್ಲಿಷ್ ಬಂದರೆಷ್ಟು ಬಿಟ್ಟರೆಷ್ಟು. ಬೀಸುವುದು, ಸಗಣಿ ಬಳಿಯುವುದು, ಹೊಲಕ್ಕೆ ಬುತ್ತಿ ಒಯ್ಯುವುದು ಇಷ್ಟಾದರೆ ಸಾಕಿತ್ತು. ಚಿಗವ್ವ ಒಂದು ದಿನ ಬುತ್ತಿ ಒಯ್ದು ಕೊಟ್ಟವಳು ಹೊಲದಿಂದಲೇ ತವರಿಗೆ ಬಂದುಬಿಟ್ಟಳು. ಅಲ್ಲಿಂದ ಕೊಪ್ಪಳದ ದವಾಖಾನೆಯಲ್ಲಿ ಆಯಾ ಕೆಲಸ ಹಿಡಿದಳು.

ಜಪಾನಿನವರು ಜಾವಾ ಹಿಡಿದ ಮರುವರ್ಷದ ಮಾತು ಇದು. ದವಾಖಾನೆಯ ಹೆಣ್ಣುಮಕ್ಕಳ ಭಾಗಕ್ಕೆ ಒಬ್ಬ ಹೆಣ್ಣು ಕಂಪೌಂಡರ್ ಬೇಕಾಗಿತ್ತು. ಗೋಷಾದ ಹೆಂಗಸರು ಗಂಡಸು ಕಂಪೌಂಡರನ ಕಿಟಕಿಗೆ ಬರುತ್ತಿರಲಿಲ್ಲ. ಆ ಭಾಗದ ಲೇಡಿ ಡಾಕ್ಟರು, ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದವರು, ತಾವೇ ಒಂದು ಕ್ಲಾಸು ಶುರು ಮಾಡಿ, ಗಂಡಸರ ಕಡೆಗೆಂದು ಇರಕಲ್ಲಗಡದ ತಿಮ್ಮಣ್ಣನನ್ನೂ ಹೆಂಗಸರ ಕಡೆಗೆಂದು ಭೀಮಕ್ಕನನ್ನೂ ಕೂರಿಸಿಕೊಂಡರು. ಪರೀಕ್ಷೆಗೆ ಜಿಲ್ಲೆಯಿಂದ ದೊಡ್ಡ ಡಾಕ್ಟರು ಬರುವವರಿದ್ದರು. ಸುದ್ದಿ ಯಲಬುರ್ಗಾ ಕಡೆಗೆ ಹೋಯಿತು. ಗಂಡನ ಅಣ್ಣ ಗ್ಯಾನಪ್ಪ ಖುದ್ದಾಗಿ ಬಂದು ದವಾಖಾನೆಯ ಕಟ್ಟೆಯ ಮೇಲೆ ಕೂತ.

"ನೋಡವಾ, ನಾವು ಜುಲುಮಿ ಮಾಡೂ ಮಂದಿ ಅಲ್ಲ. ಪಾಸಾದಿ ಅಂದ್ರ ಇಲ್ಲೇ ಇರು. ಇಲ್ಲಾಂದ್ರ ಪರೀಕ್ಷಾ ಮುಗದ ದಿನಾ ಗಾಡಿ ಕಟಗೊಂಡು ಬರ್ತೀನಿ. ಇದಕ್ಕ ನಿಮ್ಮ ಅಪ್ಪನೂ ಹೂಂ ಅಂದಾನ."

"ಹಂಗಂದ್ರ ಎತ್ತಿಗೆ ದಣಿವು ಕೊಡಬ್ಯಾಡ್ರಿ ಭಾವಾರ," ಅಂದಳಂತೆ ಚಿಗವ್ವ. ಅಂದದ್ದೇನೋ ಅಂದಳು, ಅವನು ಹೋದ ಮೇಲೆ ಅವಳಿಗೆ ಹೆದರಿಕೆ ಹತ್ತಿತು. ಅಪ್ಪನೇ ಹೂಂ ಅಂದ ಮೇಲೆ ಅವಳಿಗೆ ಪಾಸಾಗುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಈಗ ಅವಳ ನೋಟ್ಸಿನ ಕಥೆ ಹೇಳಬೇಕು. ಡಾಕ್ಟರ್ ಬಾಯಿ ಕೂತು ಪಾಠ ಹೇಳಿದವರೇ ಅಲ್ಲ. ವಾರ್ಡಿನಲ್ಲಿ ರೋಗಿಯಿಂದ ರೋಗಿಗೆ ಓಡುತ್ತ, ಇಂಗ್ಲಿಷಿನಲ್ಲಿ ಪಟಪಟ ಹೇಳುತ್ತ ಹೋಗುವರು. ಹಿಂದಿನಿಂದ ಚಿಗವ್ವ ಒಂದು ಕೈಯಲ್ಲಿ ಬೇಸಿನ್, ಇನ್ನೊಂದು ಕೈಯಲ್ಲಿ ಪೆನ್ಸಿಲ್ ಹಿಡಿದು ಓಡಬೇಕು. ಯುದ್ಧದ ಕಾಲ, ಕಾಗದ ಸಿಗುತ್ತಿರಲಿಲ್ಲ. ರೋಗಿಗಳ ಹಳೆಯ ಚೀಟಿಗಳ ಬೆನ್ನಿಗೆ, ಹತ್ತಿಯ ಕಟ್ಟು ಬಂದ ನೀಲಿ ಕಾಗದಕ್ಕೆ, ಕೊನೆಗೆ ಕ್ಯಾಲೆಂಡರಿನ ಹರಿದ ತಿಂಗಳುಗಳಿಗೂ ಬರೆದಿದ್ದಳು. ಕ್ವಿನೈನಿನ ಗುಣ ಒಂದು ಚೀಟಿಯಲ್ಲಿ, ಪ್ರಮಾಣ ಇನ್ನೊಂದರಲ್ಲಿ, ಯಾರಿಗೆ ಕೊಡಬಾರದು ಎಂಬುದು ಎಲ್ಲೋ ಕೆಮ್ಮಿನ ಔಷಧದ ಕೆಳಗೆ. ಅವಸರಕ್ಕೆ ಬೇರೆ ಸಂಕ್ಷೇಪಗಳು. "ಡಿ" ಅಂದರೆ ಸೋಮವಾರ ಡ್ರಾಮು ಎಂಬ ಅಳತೆ, ಬುಧವಾರ ದಿನ, ಶುಕ್ರವಾರ ಡೋಸು. ಎಲ್ಲಕ್ಕಿಂತ ಘೋರವೆಂದರೆ "ಜಿ". ಅದು ಒಮ್ಮೆ ಗ್ರೇನು, ಒಮ್ಮೆ ಗ್ರಾಮು. ಒಂದು ಗ್ರಾಮಿಗೆ ಹದಿನೈದು ಗ್ರೇನುಗಳು. ಗ್ರೇನಿನ ಜಾಗದಲ್ಲಿ ಗ್ರಾಮು ಕೊಟ್ಟರೆ ರೋಗಿಯ ಜೊತೆ ಕಂಪೌಂಡರೂ ಹೋಗಬೇಕಾಗುತ್ತದೆ, ಅವನು ಸುಡುಗಾಡಿಗೆ, ಇವಳು ಜೈಲಿಗೆ.

ಡಾಕ್ಟರ್ ಬಾಯಿ ಈ ಚೀಟಿಗಳ ಗಂಟನ್ನು ಒಮ್ಮೆ ಬಿಚ್ಚಿ ನೋಡಿ ತಲೆ ಹಿಡಿದುಕೊಂಡರು.

"ಇದನ್ನ ಟೈಪ್ ಮಾಡಿಸು. ಒಂದು ಔಷಧಕ್ಕ ಒಂದು ತಲೆಬರಹ, ಅದರದೆಲ್ಲಾ ಅದರ ಕೆಳಗ. ಒಂದು ಸಂಗತಿಗೆ ಒಂದೇ ಸಂಕ್ಷೇಪ, ಮೊದಲನೇ ಪುಟದಾಗ ಎಲ್ಲಾದರದೂ ಪಟ್ಟಿ. ಮತ್ತ ಪ್ರತಿ ಔಷಧದ ಕೆಳಗ ಅರ್ಧ ಹಾಳಿ ಖಾಲಿ ಬಿಡಬೇಕು. ಯುದ್ಧದಿಂದ ಔಷಧಗಳು ಬದಲಾಗಾಕತ್ತಾವ. ಪರೀಕ್ಷಾಕ್ಕ ಮೊದಲ ಹೊಸಾವು ಹೇಳ್ತೀನಿ, ಅದದರ ಕೆಳಗ ಬರಕೋಬೇಕು. ಬ್ಯಾರೆ ಚೀಟಿಯೊಳಗ ಬರದೀ ಅಂದ್ರ ಮತ್ತ ಇದೇ ಗಂಟು ಆಕ್ಕೈತಿ," ಎಂದು ದವಾಖಾನೆಯಲ್ಲಿ ಉಳಿದಿದ್ದ ಒಳ್ಳೆಯ ಕಾಗದವನ್ನೆಲ್ಲ ಅವಳ ಕೈಗೆ ಹಾಕಿದರು.

ಊರಲ್ಲಿ ಇಂಗ್ಲಿಷ್ ಟೈಪು ಬರುತ್ತಿದ್ದದ್ದು ಉಮರಸಾಬರಿಗೆ. ಗದಗಿನ ಒಬ್ಬ ವಕೀಲರ ಹತ್ತಿರ ವರ್ಷಗಟ್ಟಲೆ ಅರ್ಜಿ, ಕರಾರು ಪತ್ರ ಟೈಪು ಮಾಡಿ, ಅವರು ತೀರಿಕೊಂಡ ಮೇಲೆ ಅವರ ಹಳೆಯ ಟೈಪು ಮಿಷನ್ನನ್ನೇ ಎತ್ತಿಕೊಂಡು ಊರಿಗೆ ಬಂದಿದ್ದರು. ಸ್ಟೇಷನ್ ರಸ್ತೆಯ ಮನೆಯ ಪಡಸಾಲೆಯಲ್ಲಿ ಕೂತು ಅರಳೆ ವ್ಯಾಪಾರಿಗಳ ರೈಲ್ವೆ ತಕರಾರುಗಳನ್ನು ಬಡಿಯುತ್ತಿದ್ದರು. ಟೈಪು ಮಾಡುವಾಗ ಅವರ ಮುಖ ನಮಾಜಿಗೆ ಕೂತಷ್ಟು ಗಂಭೀರ. ಉಳಿದ ಹೊತ್ತಿನಲ್ಲಿ ಅವರಷ್ಟು ನಗಿಸುವವರು ಇಡೀ ರಸ್ತೆಯಲ್ಲಿ ಇರಲಿಲ್ಲ.

ಚಿಗವ್ವ ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಕೂತಳು. ಅವಳು ಚೀಟಿಗಳನ್ನು ನೆಲದ ಮೇಲೆ ಹರವಿ ಔಷಧದ ಪ್ರಕಾರ ಗುಡ್ಡೆ ಹಾಕುವಳು, ಅವರು ಕನ್ನಡಕದ ಮೇಲಿನಿಂದ ನೋಡುತ್ತ ವಕೀಲರ ಹಾಗೆ ಪಾಟೀಸವಾಲು ಹಾಕುವರು.

"ಈ 'ಕ್ಯೂ' ಅಂದ್ರ ಯಾರವಾ?"

"ಕ್ವಿನೈನ್ ಸಲ್ಫೇಟ್, ಕಾಕಾ."

"ಇಲ್ಲಿ 'ಕ್ಯೂಎನ್' ಅಂತ ಬಂದಾನಲ್ಲ, ಇಂವ ಯಾರು?"

"ಅವನೂ ಅವನ."

"ಒಬ್ಬ ಮನಶಾಗ ಎರಡು ಹೆಸರು ಇದ್ರ ಕೋರ್ಟಿನ್ಯಾಗ ಕಳ್ಳ ಅಂತಾರ," ಅಂದು ಉಮರಸಾಬರು ಮೊದಲ ಹಾಳೆ ಹಾಕಿ ಬಡಿದೇಬಿಟ್ಟರು. ಕ್ವಿನೈನ್ ಸಲ್ಫೇಟ್, ಇನ್ನು ಮುಂದೆ 'ಕ್ವಿನ್' ಎಂದು ಕರೆಯಲ್ಪಡುವುದು. ಗ್ರೇನ್, ಇನ್ನು ಮುಂದೆ 'ಜಿಆರ್'. ಗ್ರಾಮ್, ಇನ್ನು ಮುಂದೆ 'ಜಿಎಂ'. ಡ್ರಾಮು, ಔನ್ಸುಗಳಿಗೆ ಡಾಕ್ಟರರು ಬರೆಯುವ ಗೀಚು ಗುರುತುಗಳು ಮಿಷನ್ನಿನಲ್ಲಿ ಇರಲಿಲ್ಲ, ಅದಕ್ಕೆ 'ಡಿಆರ್', 'ಓಝಡ್'. ದಿನಕ್ಕೆ ಮೂರು ಸಲ ಎಂಬುದಕ್ಕೆ 'ಟಿಡಿಎಸ್'. 'ಡಿ' ಒಂದೇ ಅಕ್ಷರ ಎಲ್ಲೂ ಬರಕೂಡದೆಂದು ತೀರ್ಪಾಯಿತು. ಹುಡುಗರ ಆಟದಲ್ಲಿ ಔಟ್ ಆದವನನ್ನು ಹೊರಗೆ ಕಳಿಸಿದ ಹಾಗೆ ಇಬ್ಬರೂ ಆ ಒಂಟಿ 'ಡಿ'ಯನ್ನು ಹುಡುಕಿ ಹುಡುಕಿ ಹೊಡೆದು ಹಾಕಿದರು. ಗ್ರೇನೋ ಗ್ರಾಮೋ ಗೊತ್ತಾಗದಲ್ಲಿ ಚಿಗವ್ವ ಊಹೆ ಮಾಡದೆ ಗುರುತು ಹಾಕಿಕೊಂಡು, ಮರುದಿನ ಡಾಕ್ಟರ್ ಬಾಯಿಯನ್ನು ಕೇಳಿ ಬಂದು ಹೇಳುವಳು.

ತಲೆಬರಹಗಳು ಇನ್ನೂ ಚೆಂದ. ರಿಬ್ಬನ್ನಿನ ಅರ್ಧ ಕಪ್ಪು, ಅರ್ಧ ಕೆಂಪು. ಕಪ್ಪು ಸವೆದು ಬೂದಿ ಬಣ್ಣಕ್ಕೆ ಬಂದಿತ್ತು, ಕೆಂಪನ್ನು ಮುಟ್ಟಿದವರೇ ಇರಲಿಲ್ಲ. ಉಮರಸಾಬರು ಕಾಗದ ಹೊತ್ತು ಅತ್ತಿತ್ತ ಸರಿಯುವ ಮಿಷನ್ನಿನ ಗಾಡಿಯನ್ನು ಹಾಳೆಯ ನಟ್ಟನಡುವೆ ತಂದು, ಎರಡು ಅಕ್ಷರಕ್ಕೆ ಒಂದು ಹೆಜ್ಜೆಯಂತೆ ಹಿಂದಕ್ಕೆ ಸರಿಸಿ, ಅಲ್ಲಿಂದ ದೊಡ್ಡಕ್ಷರದಲ್ಲಿ ಕೆಂಪಾಗಿ ಹೊಡೆದು ಅಡಿಗೆರೆ ಎಳೆದರೆ, ಔಷಧಗಳೆಲ್ಲ ಮದುವೆಗೆ ಹೊರಟಂತೆ ಕಾಣುತ್ತಿದ್ದವು. ಕೆಳಗೆ ಕಾರ್ಬನ್ ಕಾಗದ ಇಟ್ಟು ತಿಮ್ಮಣ್ಣನಿಗೂ ಒಂದು ಪ್ರತಿ ತೆಗೆದರು. ಅದರಲ್ಲಿ ಕೆಂಪು ಬರಲಿಲ್ಲ ಎಂದು ತಿಮ್ಮಣ್ಣ ಎರಡು ದಿನ ಮುಖ ಊದಿಸಿಕೊಂಡಿದ್ದ. ಒಂದು ಚೀಟಿಯನ್ನೂ ಬರೆಯದ ಭೂಪನಿಗೆ ಬಣ್ಣದ ಚಿಂತೆ.

ಪಟ್ಟಿ, ವಿಂಗಡಣೆ ಎಲ್ಲ ಮುಗಿದು, ಮೊದಲ ಕೆಲವು ಔಷಧ ಟೈಪಾದ ಹೊತ್ತಿಗೆ ದವಾಖಾನೆಯಲ್ಲಿ ಮಲೇರಿಯಾದವರ ಜಾತ್ರೆ ಶುರುವಾಯಿತು. ಗಂಗಾವತಿ ಕಾಲುವೆ ಕಡೆಯಿಂದ ನಡುಗುವವರು ಗಾಡಿಗಟ್ಟಲೆ ಬಂದರು. ಚಿಗವ್ವನಿಗೆ ಬಿಡುವಾಗಲಿಲ್ಲ.

"ನೀ ಹೋಗವಾ, ಉಳಿದದ್ದು ನಾ ಮುಗಸ್ತೀನಿ. ಅರ್ಧ ಹಾಳಿ ಬಿಡೂದು ನೆನಪೈತಿ," ಅಂದರು ಉಮರಸಾಬರು.

ಒಂದು ಶುಕ್ರವಾರ ಅವರೇ ದವಾಖಾನೆಗೆ ಬಂದರು. ನೋಟ್ಸನ್ನು ಕೋರ್ಟಿನ ಕಾಗದದಂತೆ ಕೆಂಪು ಫೀತಾದಲ್ಲಿ ಕಟ್ಟಿ, ಎರಡೂ ಕೈಯಲ್ಲಿ ಹಿಡಿದುಕೊಂಡು. ಚಿಗವ್ವ ಕೈ ತೊಳೆದು, ಒರೆಸಿಕೊಂಡು, ಬಿಚ್ಚಿದಳು. ಕೆಂಪು ತಲೆಬರಹ, ಕೆಳಗೆ ಅಚ್ಚುಕಟ್ಟಾದ ವಿವರ. ಅದರ ಕೆಳಗೆ ಅರ್ಧ ಹಾಳೆ. ಆ ಅರ್ಧ ಹಾಳೆಯ ತುಂಬ, ಈ ಅಂಚಿನಿಂದ ಆ ಅಂಚಿನ ತನಕ, ಸಾಲು ಸಾಲಾಗಿ 'ಎಕ್ಸ್' ಅಕ್ಷರ. ತುದಿಗೆ ದೊಡ್ಡಕ್ಷರದಲ್ಲಿ 'ನಥಿಂಗ್ ಫಾಲೋಸ್', ಅಂದರೆ ಮುಂದೇನೂ ಇಲ್ಲ.

ಪ್ರತಿ ಪುಟದಲ್ಲೂ ಹಾಗೆಯೇ. ಮೊದಲು ಟೈಪಾಗಿದ್ದ ಹಾಳೆಗಳನ್ನೂ ಮತ್ತೆ ಮಿಷನ್ನಿಗೆ ಹಾಕಿ ತುಂಬಿಸಿದ್ದರು.

"ಏನ್ ಮಾಡೀರಿ ಕಾಕಾ ಇದು? ಖಾಲಿ ಬಿಡ್ರಿ ಅಂದಿದ್ನಲ್ಲ."

"ಬಿಟ್ಟೀನಲ್ಲವಾ. ಬಿಟ್ಟು, ಬಂದೋಬಸ್ತ್ ಮಾಡೀನಿ," ಅಂದರು ಉಮರಸಾಬರು, ಹೆಮ್ಮೆಯಿಂದಲೇ. "ಖಾಲಿ ಜಾಗ ಹಂಗ ಬಿಟ್ರ ನಾಳೆ ಯಾವನರ ಬದ್ಮಾಶ ಬಂದು ಅಲ್ಲೊಂದು ಸಾಲು ಸೇರಿಸಿದ್ರ? ಇದು ವಿಷದ ಮಾತು. ಇನ್ನ ನಮ್ಮಪ್ಪನ ಕೈಲೂ ಒಂದಕ್ಷರ ಸೇರಸಾಕ ಆಗೂದಿಲ್ಲ."

ವಕೀಲರ ಹತ್ತಿರ ಅವರು ಕಲಿತ ಮೊದಲ ಪಾಠವೇ ಅದು. ಕರಾರಿನಲ್ಲಿ ಖಾಲಿ ಜಾಗ ಬಿಟ್ಟ ಗುಮಾಸ್ತನಿಗೆ ಕೆಲಸವಿಲ್ಲ. ಖಾಲಿ ಹಾಳೆ ಕಂಡರೆ ಅವರ ಬೆರಳು ತಾವೇ 'ಎಕ್ಸ್' ಕಡೆಗೆ ಓಡುತ್ತಿದ್ದವು. ಚಿಗವ್ವನಿಗೆ ಅಳು ಬಂತು. ಆದರೆ ಕೊನೆಯ ಪುಟ ತಿರುವಿದರೆ ಮುಲಾಮುಗಳ ಕೆಳಗೆ, ಕೋರ್ಟಿನ ಅರ್ಜಿಗಳ ಕೊನೆಗೆ ಬರೆಯುವ ಹಾಗೆ, 'ಈ ಉಪಕಾರಕ್ಕಾಗಿ ತಮ್ಮ ಅರ್ಜಿದಾರನು ಸದಾ ಪ್ರಾರ್ಥಿಸುತ್ತಿರುವನು' ಎಂದು ಇಂಗ್ಲಿಷಿನಲ್ಲಿ ಇತ್ತು. ಅಳಲು ಬಾಯಿ ತೆರೆದವಳು ನಕ್ಕುಬಿಟ್ಟಳು. ನಗು ನಿಲ್ಲಲಿಲ್ಲ. ವಾರ್ಡಿನ ಹೆಂಗಸರು ಹೊದಿಕೆ ಸರಿಸಿ ಎದ್ದು ಕೂತು, ಯಾಕೆಂದು ಗೊತ್ತಿಲ್ಲದೆ ತಾವೂ ನಕ್ಕರು.

ನಕ್ಕರೆ ಕೆಲಸ ಆಗಬೇಕಲ್ಲ. ಹೊಸ ಔಷಧಗಳ ಪಾಠ ಸೋಮವಾರಕ್ಕೆ. ಒಳ್ಳೆಯ ಕಾಗದ ಮುಗಿದಿತ್ತು, ರಿಬ್ಬನ್ ಪೂರ್ತಿ ಸತ್ತಿತ್ತು. ವಿಷಯ ಅರ್ಥವಾದ ಮೇಲೆ ಉಮರಸಾಬರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ದಾರಿ ತೋರಿಸಿದ್ದು ಚಿಗವ್ವನೇ.

"ಬರದದ್ದು ಕತ್ತರಿಸಿ ತಗೊಂಡು, ಬ್ಯಾರೆ ಹಾಳಿ ಮ್ಯಾಲ ಅಂಟಸೂನು ಕಾಕಾ. ಎಕ್ಸ್ ಎಲ್ಲಾ ಒಲಿಗೆ ಹೋಗ್ಲಿ. ನಿಮ್ಮನಿಯಾಗ ಒಂದು ಮೈ ಖಾಲಿ ಇರೂ ಕಾಗದ ಅದಾವೇನು?"

ಇದ್ದವು. ಟೈಪು ತಪ್ಪಿ ಕೆಟ್ಟುಹೋದ ಅರ್ಜಿಗಳನ್ನು ಉಮರಸಾಬರು ಒಂದೂ ಎಸೆದಿರಲಿಲ್ಲ. ಅಟ್ಟದಿಂದ ಒಂದು ಪೆಟ್ಟಿಗೆ ತುಂಬ ಇಳಿಸಿದರು. ಹೀಗಾಗಿ ಚಿಗವ್ವನ ಕ್ವಿನೈನಿನ ಬೆನ್ನಿಗೆ ಯಾರದೋ ಬಾವಿಯ ಜಗಳ ಬಂತು, ಅರಿಷಿಣ ಬಣ್ಣದ ಮುಲಾಮಿನ ಬೆನ್ನಿಗೆ ನೆನೆದ ಅರಳೆಯ ತಕರಾರು.

ಭಾನುವಾರ ಉಮರಸಾಬರ ಅಂಗಳದಲ್ಲಿ ಕೆಲಸ ಹೂಡಿದರು. ಅವರ ಹೆಂಡತಿ ಗೌಸಬೀ ಮೈದಾಹಿಟ್ಟಿನ ಅಂಟು ಕುದಿಸಿ, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಹಾಕಿದರು. ತಿಮ್ಮಣ್ಣನೂ ಬಂದ. ತನ್ನ ಪ್ರತಿಯನ್ನು ಮಾತ್ರ ಕತ್ತರಿಸಲು ಕೊಡಲಿಲ್ಲ.

"ಎಷ್ಟ್ ಛಲೋ ಮಾಡ್ಯಾರ, ಪೂರಾ ಕಾಗದ ತುಂಬೈತಿ. ನನಗ ಹಿಂಗ ಇರ್ಲಿ," ಅಂದ.

"ಹೊಸಾವು ಎಲ್ಲಿ ಬರಕೋತೀಯೋ?"

"ಮುಂದೇನೂ ಇಲ್ಲಂತ ಟೈಪಾಗೇತಲ್ಲಕ್ಕ," ಅಂದ ತಿಮ್ಮಣ್ಣ.

ಆಷಾಢದ ಗಾಳಿ ಕೊಪ್ಪಳದಲ್ಲಿ ಹೇಗೆ ಬೀಸುತ್ತದೆ ಎಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಗೊತ್ತಿದ್ದೂ ಅಂಗಳದಲ್ಲಿ ಕೂತವರಿಗೆ ಏನೆನ್ನಬೇಕೋ ನನಗೆ ತಿಳಿಯದು. ಉಮರಸಾಬರಿಗೆ ಕೆಂಪು ತಲೆಬರಹಗಳ ಮೇಲೆ ಮೋಹ, ಅವನ್ನು ಬೇರೆಯಾಗಿ ಕತ್ತರಿಸಿ ಒಂದು ತಾಟಿನಲ್ಲಿ ಇಟ್ಟಿದ್ದರು. ವಿವರಗಳು ಇನ್ನೊಂದು ತಾಟಿನಲ್ಲಿ. ಗಾಳಿ ಬಂತು, ಎರಡೂ ತಾಟು ಬರಿದಾದವು. ಕೊಪ್ಪಳದ ಸ್ಟೇಷನ್ ರಸ್ತೆಯ ತುಂಬ ಔಷಧಗಳು ಹಾರಾಡಿದವು. ಗೌಸಬೀ ಅಂಟಿನ ಸೌಟು ಹಿಡಿದೇ ಓಡಿದರು. ಉಮರಸಾಬರು ಲುಂಗಿ ಎತ್ತಿ ಕಟ್ಟಿ, ಗೋಡೆಯ ಮೇಲೆ ಕೂತಿದ್ದ ಅಫೀಮಿನ ಟಿಂಕ್ಚರನ್ನು ಬೆಕ್ಕು ಹಿಡಿದಂತೆ ಹಿಡಿದರು. ಬದನೆಕಾಯಿ ಮಾರುತ್ತಿದ್ದ ಹೊಳಿಯಮ್ಮ ತನ್ನ ಪುಟ್ಟಿಯಲ್ಲಿ ಬಿದ್ದದ್ದನ್ನೆಲ್ಲ ಆರಿಸಿ ತಂದು ಕೊಟ್ಟಳು.

"ತಗೋರಿ. ಬದನಿಕಾಯಿಗೆ ಏನರ ರೋಗ ಐತೇನ್ರಿ, ಚೀಟಿ ಬಂದು ಬಿದ್ದಾವ," ಅಂದಳು.

ಎಲ್ಲರೂ ಅಂಗಳದಲ್ಲೇ ಕೂತು ಹೊಟ್ಟೆ ಹಿಡಿದು ನಕ್ಕರು. ಗೌಸಬೀ ನಗುತ್ತ ನಗುತ್ತ ಅಂಟಿನ ಪಾತ್ರೆಯಲ್ಲೇ ಕೈ ಊರಿದರು. ಆಮೇಲೆ ಕೆಲಸವನ್ನು ಒಳಗೆ ಒಯ್ದು, ಬಾಗಿಲು ಹಾಕಿಕೊಂಡರು. ತಲೆ ಯಾವುದು ಮುಂಡ ಯಾವುದು ತಿಳಿಯದ ರಾಶಿ. ಚಿಗವ್ವ ಒಂದೊಂದು ಚೂರನ್ನು ಎತ್ತಿ ಓದುವಳು. 'ಜಿಆರ್ ಹತ್ತು, ಟಿಡಿಎಸ್, ಕಿವಿ ಗುಂಯ್ಗುಡುವುದು' ಎಂದರೆ ಕ್ವಿನೈನ್. 'ಬಾಟಲಿ ಅಲ್ಲಾಡಿಸಿ' ಎಂದರೆ ಬಿಳಿ ಮಿಶ್ರಣ. ಮೊದಲಿನಂತೆ 'ಜಿ', 'ಡಿ' ಇದ್ದಿದ್ದರೆ ಯಾವ ದೇವರೂ ಅವನ್ನು ಜೋಡಿಸುತ್ತಿರಲಿಲ್ಲ. ಈಗ ಪ್ರತಿ ಚೂರೂ ತನ್ನ ಹೆಸರನ್ನು ತಾನೇ ಹೇಳುತ್ತಿತ್ತು. ಉಮರಸಾಬರು ಮೂಲ ಚೀಟಿ ಹಿಡಿದು ಗಟ್ಟಿಯಾಗಿ ಓದಿದರು, ಚಿಗವ್ವ ಅಂಟಿಸಿದ್ದರ ಮೇಲೆ ಬೆರಳಿಟ್ಟು ತಾಳೆ ನೋಡಿದಳು. ಪ್ರತಿ ಔಷಧದ ಕೆಳಗೆ ಅರ್ಧ ಹಾಳೆ ಬೆಳ್ಳಗೆ ಉಳಿಯಿತು. ಅದನ್ನು ನೋಡಿದಾಗಲೆಲ್ಲ ಉಮರಸಾಬರು ಕೈಗಳನ್ನು ಹಿಂದೆ ಕಟ್ಟಿಕೊಳ್ಳುತ್ತಿದ್ದರು.

ಸೋಮವಾರ ಡಾಕ್ಟರ್ ಬಾಯಿ ಶುರು ಮಾಡಿದರು. ಜಾವಾ ಹೋದ ಮೇಲೆ ಕ್ವಿನೈನ್ ಬರುವುದು ನಿಂತಿದೆ, ಅದರ ಜಾಗಕ್ಕೆ ಮೆಪಾಕ್ರಿನ್. ಚಿಗವ್ವ ಕ್ವಿನೈನಿನ ಕೆಳಗೆ ಬರೆದಳು: ಗುಳಿಗೆ ಒಂದಕ್ಕೆ ಜಿಎಂ ಸೊನ್ನೆ ದಶಾಂಶ ಒಂದು, ಟಿಡಿಎಸ್, ಊಟವಾದ ಮೇಲೆ, ನೀರು ಹೆಚ್ಚು. ಚರ್ಮ ಹಳದಿಯಾದರೆ ಹೆದರಬೇಡಿ ಎಂದು ರೋಗಿಗೆ ಮೊದಲೇ ಹೇಳಬೇಕು. ಪಕ್ಕದಲ್ಲಿ ತಿಮ್ಮಣ್ಣ ಎಕ್ಸುಗಳ ಸಾಲಿನ ನಡುವೆ ಜಾಗ ಹುಡುಕಿ, ಸಿಗದೆ, ಅಂಗೈ ಮೇಲೆ ಬರೆದುಕೊಂಡ. ಆಮೇಲೆ ಊಟಕ್ಕೆ ಕೈ ತೊಳೆದ.

ಪರೀಕ್ಷೆಯ ದಿನ ಬೆಳಿಗ್ಗೆಯೇ ಗ್ಯಾನಪ್ಪನ ಗಾಡಿ ದವಾಖಾನೆಯ ಎದುರಿಗೆ ಬಂದು ನಿಂತಿತು. ಅವನು ಎತ್ತುಗಳನ್ನು ನೊಗದಿಂದ ಸಹ ಬಿಚ್ಚಲಿಲ್ಲ. ಕಿಟಕಿಯಿಂದ ಗಾಡಿ ಕಾಣುತ್ತಿತ್ತು, ಚಿಗವ್ವ ಅದಕ್ಕೆ ಬೆನ್ನು ಮಾಡಿ ನಿಂತಳು. ಅವಳಿಗೆ ಪೊಟ್ಟಣ ಮಡಚುವುದು, ಮಿಶ್ರಣ ಮಾಡುವುದು ಸರಿಯಾಗೇ ಆಯಿತು. ಕೊನೆಗೆ ಮೌಖಿಕ ಪರೀಕ್ಷೆ. ಜಿಲ್ಲೆಯ ದೊಡ್ಡ ಡಾಕ್ಟರು ಮೊದಲು ತಿಮ್ಮಣ್ಣನನ್ನು ಕೇಳಿದರು.

"ಮಲೇರಿಯಾ ರೋಗಿ ಬಂದಿದ್ದಾನೆ. ಕ್ವಿನೈನ್ ಮುಗಿದಿದೆ. ಮುಂದೆ?"

ತಿಮ್ಮಣ್ಣ ಕಣ್ಣು ಮುಚ್ಚಿ ತನ್ನ ಪುಟವನ್ನು ನೆನಪಿಸಿಕೊಂಡ. ಅವನಿಗೆ ಅದು ಸ್ಪಷ್ಟವಾಗಿ ಕಂಡಿತು.

"ನಥಿಂಗ್ ಫಾಲೋಸ್, ಸಾಬ," ಅಂದ.

ಡಾಕ್ಟರ್ ಬಾಯಿ ಕಿಟಕಿಯ ಕಡೆ ಮುಖ ಮಾಡಿದರು. ಅವರ ಭುಜ ಕುಣಿಯುತ್ತಿತ್ತು. ದೊಡ್ಡ ಡಾಕ್ಟರು ಕನ್ನಡಕ ಒರೆಸಿಕೊಂಡು ಅದೇ ಪ್ರಶ್ನೆಯನ್ನು ಚಿಗವ್ವನಿಗೆ ಕೇಳಿದರು. ಚಿಗವ್ವನಿಗೆ ನಗು ಉಕ್ಕಿ ಬಂತು, ಅದನ್ನು ನುಂಗುವ ಭರದಲ್ಲಿ ಗಾಡಿಯ ಹೆದರಿಕೆಯೂ ಒಳಗೆ ಇಳಿದುಹೋಯಿತು. ಮೆಪಾಕ್ರಿನ್ ಹೇಳಿದಳು, ಊಟ ಹೇಳಿದಳು, ನೀರು ಹೇಳಿದಳು, ಹಳದಿ ಹೇಳಿದಳು.

"ಸೊನ್ನೆ ದಶಾಂಶ ಒಂದು ಅಂದೆಯಲ್ಲ, ಏನು? ಗ್ರೇನೋ, ಗ್ರಾಮೋ?"

"ಗ್ರಾಮ್ ರೀ ಸಾಬ. ಗ್ರೇನಿನ್ಯಾಗ ಹೇಳೂದಾದ್ರ ಒಂದೂವರಿ."

ದೊಡ್ಡ ಡಾಕ್ಟರು ಅವಳ ಹೆಸರಿನ ಮುಂದೆ ಪಾಸೆಂದು ಬರೆದರು. ಹೆಂಗಸರ ಔಷಧದ ಕೋಣೆಯ ಬೀಗದ ಕೈಯನ್ನು ಡಾಕ್ಟರ್ ಬಾಯಿ ಆ ಸಂಜೆಯೇ ಅವಳ ಕೈಗೆ ಕೊಟ್ಟರು. ತಿಮ್ಮಣ್ಣನಿಗೆ ಮುಂದಿನ ವರ್ಷ ಮತ್ತೆ ಕೂರಲು ಹೇಳಿದರು. ಆಗ ಅವನು ಚಿಗವ್ವನ ಅಂಟಿಸಿದ ನೋಟ್ಸನ್ನೇ ಓದಿ ಪಾಸಾದ.

ಚಿಗವ್ವ ಹೊರಗೆ ಬಂದಾಗ ಗ್ಯಾನಪ್ಪ ಗಾಡಿಯಲ್ಲಿ ಹುಲ್ಲು ಹರವಿ, ಅವಳು ಕೂರಲೆಂದು ಮೇಲೊಂದು ಕಂಬಳಿ ಹಾಸುತ್ತಿದ್ದ. ಕಂಬಳಿ ಹಾಸುವವನನ್ನು ಕಂಡು ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲವಂತೆ.

"ಭಾವಾರ, ಪಾಸಾದೆ," ಅಂದಳು.

ಗ್ಯಾನಪ್ಪ ಕಂಬಳಿಯನ್ನು ಮತ್ತೆ ಮಡಚಿದ. "ಅವ್ವಗ ಕೆಮ್ಮು ಭಾಳ ಐತಿ," ಅಂದ, ಎತ್ತಿನ ಕಡೆ ನೋಡುತ್ತ. "ರಾತ್ರಿ ಎಲ್ಲಾ ಕೆಮ್ಮತಾಳ. ನೀ ಬಂದ್ರ ಬೆನ್ನು ತಿಕ್ತಿದ್ದಿ ಅಂತ ಕುಂತಾಳ."

ಚಿಗವ್ವ ಒಳಗೆ ಹೋಗಿ ಡಾಕ್ಟರ್ ಬಾಯಿಯನ್ನು ಕೇಳಿ, ಚೀಟಿ ಬರೆಸಿಕೊಂಡು, ತನ್ನ ಕೋಣೆಯ ಬೀಗ ತೆಗೆದಳು. ಅವಳು ಕಂಪೌಂಡರ್ ಆಗಿ ಕಟ್ಟಿದ ಮೊದಲ ಔಷಧ ಅದು. ಬಾಟಲಿಗೆ ಗುರುತಿನ ಪಟ್ಟಿ ಅಂಟಿಸಿ ತಂದು ಭಾವನ ಕೈಯಲ್ಲಿಟ್ಟಳು.

"ಅಲ್ಲಾಡಿಸಿ ಕೊಡ್ರಿ, ದಿನಕ್ಕ ಮೂರು ಸಲ. ಕಡಿಮಿ ಆಗ್ಲಿಲ್ಲಂದ್ರ ಇದ ಗಾಡ್ಯಾಗ ಅತ್ತಿನ್ನ ಇಲ್ಲಿಗೆ ಕರಕೊಂಡು ಬರ್ರಿ. ಬೆನ್ನು ಇಲ್ಲೇ ತಿಕ್ತೀನಿ."